ರೆಪೊ ದರ ಏರದಿದ್ದರೂ ಕಂಪನಿಗಳ ಬಡ್ಡಿ ಏರುವುದು ಹೇಗೆ?

ಓದುಗರ ಪ್ರಶ್ನೆ: ಸರ್ಕಾರ ಜಾಸ್ತಿ ಸಾಲ ಮಾಡಿದರೆ ಖಾಸಗಿ ಕಂಪನಿಗಳಿಗೆ ಬಡ್ಡಿ ಏರುತ್ತದೆ ಅಂತಾರೆ. ಬಡ್ಡಿ ನಿರ್ಧರಿಸುವುದು ಆರ್‌ಬಿಐ ಅಲ್ವಾ? ಸರ್ಕಾರದ ಸಾಲಕ್ಕೂ ಫ್ಯಾಕ್ಟರಿ ಸಾಲಕ್ಕೂ ಏನು ಸಂಬಂಧ?

ಆರ್‌ಬಿಐ ನಿಗದಿ ಮಾಡುವುದು ರೆಪೊ ದರವನ್ನು. ಬ್ಯಾಂಕುಗಳು ಆರ್‌ಬಿಐಯಿಂದ ಅಲ್ಪಾವಧಿಗೆ ಪಡೆಯುವ ಹಣದ ಬಡ್ಡಿ ಅದು. ಹತ್ತು ವರ್ಷದ ಸಾಲದ ಬಡ್ಡಿ ಎಷ್ಟು ಎಂಬುದು ಸಾಲಪತ್ರಗಳನ್ನು ಕೊಂಡು ಮಾರುವ ಬಾಂಡ್ ಮಾರುಕಟ್ಟೆಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿ ಎಲ್ಲರಿಗಿಂತ ದೊಡ್ಡ ಸಾಲಗಾರ ಕೇಂದ್ರ ಸರ್ಕಾರ.

2022ರ ಫೆಬ್ರವರಿ 1ರ ಬಜೆಟ್ ದಿನವನ್ನೇ ನೋಡಿ. ರೆಪೊ ದರ ಸುಮಾರು ಇಪ್ಪತ್ತು ತಿಂಗಳಿಂದ ಶೇ 4ರಲ್ಲೇ ಇತ್ತು. ಮುಂದಿನ ವರ್ಷ ಮಾರುಕಟ್ಟೆಯಿಂದ 14.95 ಲಕ್ಷ ಕೋಟಿ ರೂಪಾಯಿ ಸಾಲ ಎತ್ತುವುದಾಗಿ ಸರ್ಕಾರ ಹೇಳಿತು. ಇಷ್ಟೊಂದು ಬಾಂಡ್ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಹತ್ತು ವರ್ಷದ ಸರ್ಕಾರಿ ಬಾಂಡಿನ ಯೀಲ್ಡ್, ಅಂದರೆ ಆವತ್ತಿನ ಬೆಲೆಗೆ ಕೊಂಡವರಿಗೆ ಸಿಗುವ ಬಡ್ಡಿ, ಅವತ್ತೇ ಸುಮಾರು ಶೇ 6.68ರಿಂದ 6.83ಕ್ಕೆ ಹಾರಿತು. ಆರ್‌ಬಿಐ ಏನನ್ನೂ ಮುಟ್ಟಿರಲಿಲ್ಲ.

ಯೀಲ್ಡ್ ಏರುವುದು ಅಂದರೆ ಬಾಂಡಿನ ಬೆಲೆ ಇಳಿಯುವುದು. ಆಗ ಮಾರುಕಟ್ಟೆಯಲ್ಲಿದ್ದ ಹೊಸ ಹತ್ತು ವರ್ಷದ ಬಾಂಡ್ ವರ್ಷಕ್ಕೆ 100 ರೂಪಾಯಿಗೆ 6.54 ರೂಪಾಯಿ ಬಡ್ಡಿ ಕೊಡುತ್ತಿತ್ತು. ಆ ಬಡ್ಡಿ ಬದಲಾಗುವುದಿಲ್ಲ. ಹಾಗಾಗಿ ಕೊಳ್ಳುವವರು ‘ನಮಗೆ ಇಷ್ಟು ಸಾಲದು’ ಅಂದಾಗ ಬೆಲೆಯೇ ಇಳಿಯಬೇಕು. ಶೇ 0.15ರಷ್ಟು ಏರಿಕೆಗೆ 100 ರೂಪಾಯಿಯ ಬಾಂಡಿನ ಮೇಲೆ ಸುಮಾರು 1 ರೂಪಾಯಿ ಹೋಯಿತು. ಸಾವಿರಾರು ಕೋಟಿಯ ಬಾಂಡ್ ಇಟ್ಟುಕೊಂಡ ಬ್ಯಾಂಕಿಗೆ ಅದು ಸಣ್ಣ ಮೊತ್ತ ಅಲ್ಲ. ಸರ್ಕಾರ ಹೊಸ ಬಾಂಡ್ ಮಾರುವ ಮುಂದಿನ ಹರಾಜಿನಲ್ಲಿ ಆ ಬ್ಯಾಂಕು ಇನ್ನೂ ಜಾಸ್ತಿ ಬಡ್ಡಿ ಕೇಳುತ್ತದೆ.

ಈಗ ಕಂಪನಿಯ ವಿಷಯ. ಬ್ಯಾಂಕು, ವಿಮಾ ಕಂಪನಿ, ಭವಿಷ್ಯನಿಧಿಗಳೇ ಸರ್ಕಾರಿ ಬಾಂಡನ್ನೂ ಕೊಳ್ಳುತ್ತವೆ, ಕಂಪನಿ ಬಾಂಡನ್ನೂ ಕೊಳ್ಳುತ್ತವೆ. ಸರ್ಕಾರ ರೂಪಾಯಿ ಸಾಲ ಮುಳುಗಿಸುವುದಿಲ್ಲ ಎಂಬ ನಂಬಿಕೆ ಇರುವುದರಿಂದ ಅದಕ್ಕೆ ಎಲ್ಲರಿಗಿಂತ ಕಡಿಮೆ ಬಡ್ಡಿ. ಕಂಪನಿ ಅದರ ಮೇಲೆ ಇನ್ನಷ್ಟು ಸೇರಿಸಿ ಕೊಡಬೇಕು. ಸರ್ಕಾರದ ಬಡ್ಡಿ ಶೇ 0.15 ಏರಿ, ಮೇಲಿನ ಆ ಪಾಲು ಹಾಗೇ ಉಳಿದರೆ, 100 ಕೋಟಿ ಸಾಲ ಎತ್ತುವ ಕಂಪನಿಗೆ ವರ್ಷಕ್ಕೆ 15 ಲಕ್ಷ ರೂಪಾಯಿ ಜಾಸ್ತಿ ಖರ್ಚು. ಬಡ್ಡಿ ಇನ್ನೂ ಏರುತ್ತಾ ಹೋದರೆ, ಲಾಭ ಸ್ವಲ್ಪವೇ ಇರುವ ವಿಸ್ತರಣೆಯ ಯೋಜನೆಯನ್ನು ಕಂಪನಿ ಮುಂದೂಡುತ್ತದೆ. ಇದನ್ನೇ ‘ಕ್ರೌಡಿಂಗ್ ಔಟ್’ ಅನ್ನುವುದು. ರಾಜ್ಯ ಸರ್ಕಾರಗಳೂ ಇದೇ ಹಣಕ್ಕೆ ಕೈಯೊಡ್ಡುತ್ತವೆ ಎಂಬುದನ್ನು ಬಜೆಟ್ ದಿನದ ಚರ್ಚೆಗಳಲ್ಲಿ ಮರೆತೇಬಿಡುತ್ತಾರೆ.

ಹಾಗಾದರೆ ಸಾಲ ಜಾಸ್ತಿಯಾದಾಗೆಲ್ಲ ಬಡ್ಡಿ ಏರುತ್ತದಾ? ಇಲ್ಲ. 2020-21ರಲ್ಲಿ 7.8 ಲಕ್ಷ ಕೋಟಿ ಸಾಲದ ಯೋಜನೆ ಇತ್ತು. ಕೋವಿಡ್ ಬಂದು, ಅದನ್ನು ಮೇ ತಿಂಗಳಲ್ಲೇ 12 ಲಕ್ಷ ಕೋಟಿಗೆ ಏರಿಸಿದರು. ಕೊನೆಗೆ ಅದನ್ನೂ ದಾಟಿತು. ಆದರೆ ಆ ವರ್ಷ ಸರ್ಕಾರ ಕೊಟ್ಟ ಸರಾಸರಿ ಬಡ್ಡಿ ಶೇ 5.79, ಹದಿನೈದು ವರ್ಷಕ್ಕೂ ಹೆಚ್ಚು ಕಾಲದಲ್ಲೇ ಅತಿ ಕಡಿಮೆ!

ಕಾರಣ ಸುಲಭ. ಅಂಗಡಿ, ಫ್ಯಾಕ್ಟರಿ ಮುಚ್ಚಿದ್ದರಿಂದ ಖಾಸಗಿಯವರು ಹೊಸ ಸಾಲ ಕೇಳುತ್ತಿರಲಿಲ್ಲ. ಖರ್ಚು ಮಾಡಲಾಗದ ಜನ ಬ್ಯಾಂಕಿನಲ್ಲಿ ದುಡ್ಡಿಟ್ಟರು. ಬ್ಯಾಂಕುಗಳು ಅದನ್ನು ಸರ್ಕಾರಿ ಬಾಂಡಿಗೆ ಹಾಕಿದವು. ಜೊತೆಗೆ ಆರ್‌ಬಿಐ ರೆಪೊ ದರ ಇಳಿಸಿತು, ಮಾರುಕಟ್ಟೆಯಲ್ಲಿ ತಾನೇ ಬಾಂಡ್ ಕೊಂಡಿತು. ಅಷ್ಟು ಮಾಡಿಯೂ, ಹೆಚ್ಚು ಬಡ್ಡಿ ಕೇಳಿದವರಿಗೆ ಮಾರಲೊಪ್ಪದೆ ಕೆಲವು ಹರಾಜುಗಳಲ್ಲಿ ಉಳಿದ ಬಾಂಡನ್ನು, ಹಾಗೆ ಉಳಿದದ್ದನ್ನು ಕೊಳ್ಳಲು ಮೊದಲೇ ಒಪ್ಪಿಕೊಂಡಿರುವ ಸಂಸ್ಥೆಗಳಾದ ಪ್ರೈಮರಿ ಡೀಲರ್‌ಗಳ ತಲೆಗೆ ಕಟ್ಟಬೇಕಾಯಿತು. ಬಡ್ಡಿಯನ್ನು ಒತ್ತಿ ಹಿಡಿದಿದ್ದರು ಅನ್ನುವುದಕ್ಕೆ ಅದೇ ಗುರುತು.

ಅಂದರೆ ಸಾಲದ ಮೊತ್ತ ಒಂದನ್ನೇ ನೋಡಿ ಏನೂ ಹೇಳಲಾಗದು. ರೆಪೊ ದರ ನಿಂತಲ್ಲೇ ಇದ್ದು ಹತ್ತು ವರ್ಷದ ಯೀಲ್ಡ್ ಏರುತ್ತಿದೆಯಾ, ಅದೇ ಹೊತ್ತಿಗೆ ಕಂಪನಿಗಳು ಬಾಂಡ್ ತರುವುದನ್ನು ಮುಂದೂಡುತ್ತಿವೆಯಾ ಅಂತ ನೋಡಬೇಕು. ಆಗಲೂ ಹುಷಾರು: ಕಚ್ಚಾ ತೈಲದ ಬೆಲೆ, ಹಣದುಬ್ಬರದ ಭಯ, ಅಮೆರಿಕದ ಬಡ್ಡಿ ಕೂಡ ಯೀಲ್ಡ್ ಏರಿಸುತ್ತವೆ. 2022ರಲ್ಲಿ ಮುಂದೆ ಕಂಡ ಏರಿಕೆಯಲ್ಲಿ ಇವುಗಳ ಪಾಲು ದೊಡ್ಡದು. ಬಜೆಟ್ ದಿನದ ಆ ಜಿಗಿತಕ್ಕೆ ಮಾತ್ರ ಮುಖ್ಯ ಕಾರಣ ಸಾಲದ ಮೊತ್ತವೇ.

ನಿಮ್ಮ ಫ್ಯಾಕ್ಟರಿ ಸಾಲಕ್ಕೆ ಬರೋಣ. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ದಿಮೆಗಳಿಗೆ ಬ್ಯಾಂಕು ಕೊಡುವ, ಬದಲಾಗುವ ಬಡ್ಡಿಯ ಹೊಸ ಸಾಲಗಳು ಹೊರಗಿನ ಒಂದು ದರಕ್ಕೆ, ಹೆಚ್ಚಾಗಿ ರೆಪೊಗೆ, ಜೋಡಣೆಯಾಗಿವೆ. ಅಂಥ ಸಾಲಕ್ಕೆ ಬಾಂಡ್ ಪೇಟೆಯ ಬಿಸಿ ನೇರವಾಗಿ ತಟ್ಟುವುದಿಲ್ಲ. ಆದರೆ ಯಂತ್ರಕ್ಕೋ ಲಾರಿಗೋ ಫೈನಾನ್ಸ್ ಕಂಪನಿಯಿಂದ ಸಾಲ ಪಡೆದಿದ್ದರೆ ಕಥೆ ಬೇರೆ. ಆ ಕಂಪನಿಗಳಲ್ಲಿ ಹಲವು ಬಾಂಡ್ ಮಾರಿಯೇ ಹಣ ಎತ್ತುತ್ತವೆ. ಅವುಗಳಿಗೆ ಬಡ್ಡಿ ಏರಿದರೆ, ಮುಂದಿನ ಸಲ ನೀವು ಸಾಲ ಕೇಳಿದಾಗ ಅವರು ಹೇಳುವ ದರದಲ್ಲಿ ಅದು ಸೇರಿರುತ್ತದೆ.