ಮಾರ್ಕಪ್ ಬೇರೆ, ಮಾರ್ಜಿನ್ ಬೇರೆ: ಒಂದು ಜೀನ್ಸ್ ಪ್ಯಾಂಟಿನ ಲೆಕ್ಕ

ಬೆಳಿಗ್ಗೆ ಬಿ.ಕಾಂ. ಕ್ಲಾಸು ಮುಗಿಸಿ, ಸಂಜೆ ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಕ್ಲಾಸಿನಲ್ಲಿ ‘ಅಸಲಿನ ಮೇಲೆ ಲಾಭ’, ‘ಮಾರಾಟದ ಮೇಲೆ ಲಾಭ’ ಅಂತ ಎರಡು ಸಾಲಿನಲ್ಲಿ ಓದಿ ಮುಂದಕ್ಕೆ ಹೋಗಿದ್ದೆ. ಅದು ನಿಜವಾಗಿ ಅರ್ಥ ಆಗಿದ್ದು ಒಂದು ಬಿಲ್ಲಿನಲ್ಲಿ ತಪ್ಪು ಮಾಡಿದ ಮೇಲೆ. ನಿಮಗೆ ಹಾಗೆ ಆಗಬಾರದು ಅಂತ ಈ ಟಿಪ್ಪಣಿ.

ಮೊದಲು ಒಂದು ಪ್ಯಾಂಟು ನಮಗೆ ಎಷ್ಟು ಬೀಳುತ್ತೆ ನೋಡೋಣ. ಲೆಕ್ಕ ಸಲೀಸಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಸರಿಮಾಡಿಕೊಂಡಿದ್ದೇನೆ. ಬಟ್ಟೆ 1.2 ಮೀಟರ್, ಮೀಟರಿಗೆ 150 ರೂಪಾಯಿಯಂತೆ 180. ಕಟಿಂಗ್ ಮತ್ತು ಹೊಲಿಗೆ ಕೂಲಿ 80. ವಾಷಿಂಗ್ 50. ಜಿಪ್, ಬಟನ್, ರಿವೆಟ್, ಲೇಬಲ್, ದಾರ ಎಲ್ಲ ಸೇರಿ 30. ಇಸ್ತ್ರಿ, ಪ್ಯಾಕಿಂಗ್ 20. ಒಟ್ಟು 360 ರೂಪಾಯಿ. ಇದು ಅಸಲು. ನಾವು ಕಟ್ಟಿದ ಜಿಎಸ್‌ಟಿಗೆ ಕ್ರೆಡಿಟ್ ಸಿಗುತ್ತದೆ, ಹಾಗಾಗಿ ಅಸಲಿನಲ್ಲಿ ಅದನ್ನು ಸೇರಿಸಿಲ್ಲ.

ಯೂನಿಟ್ ಯಜಮಾನರನ್ನು ನಾವೆಲ್ಲ ಅಣ್ಣ ಅಂತೀವಿ. ಒಂದು ದಿನ ಅವರು, "ಇಪ್ಪತ್ತು ಪರ್ಸೆಂಟ್ ಮಾರ್ಜಿನ್ ಇಟ್ಟು ರೇಟ್ ಹಾಕಪ್ಪ" ಅಂದರು. 500 ಪೀಸಿನ ಆರ್ಡರ್. ನಾನು 360ಕ್ಕೆ ಅದರ ಶೇಕಡ 20, ಅಂದರೆ 72 ಸೇರಿಸಿ 432 ಅಂತ ಹಾಕಿದೆ. ಬಿಲ್ಲು 2,16,000 ಆಯಿತು. ಲಾಭ 36,000. ತಿಂಗಳ ಕೊನೆಗೆ ಅಣ್ಣ ಬಿಲ್ಲು ಕೈಯಲ್ಲಿ ಹಿಡಿದುಕೊಂಡು ಕೇಳಿದರು: "ನೂರು ರೂಪಾಯಿ ಬಿಲ್ಲಾದ್ರೆ ಇಪ್ಪತ್ತು ನಮ್ಮ ಕೈಯಾಗ ಉಳೀಬೇಕಲ್ಲ. ಹದಿನಾರು ಚಿಲ್ರೆ ಯಾಕ ಬಂತು?"

ಅವರ ಲೆಕ್ಕವೇ ಸರಿ. 2,16,000ಕ್ಕೆ ಶೇಕಡ 20 ಅಂದರೆ 43,200. ಉಳಿದದ್ದು 36,000 ಮಾತ್ರ. 36,000 ಅನ್ನು 2,16,000ದಿಂದ ಭಾಗಿಸಿದರೆ ಶೇಕಡ 16.67. ಗುಣಾಕಾರದಲ್ಲಿ ನಾನು ತಪ್ಪಿರಲಿಲ್ಲ. ಶೇಕಡ 20 ಅಂದಾಗ ‘ಯಾವುದರ ಶೇಕಡ 20?’ ಅಂತ ಕೇಳಿಕೊಳ್ಳದೆ ಇದ್ದದ್ದು ತಪ್ಪು.

ಲಾಭದ ರೂಪಾಯಿ ಎರಡರಲ್ಲೂ ಒಂದೇ. ಆ ರೂಪಾಯಿಯನ್ನು ಅಸಲಿನಿಂದ ಭಾಗಿಸಿದರೆ ಬರುವುದು ಮಾರ್ಕಪ್. ಮಾರಿದ ಬೆಲೆಯಿಂದ ಭಾಗಿಸಿದರೆ ಬರುವುದು ಮಾರ್ಜಿನ್. ಕೆಳಗಿನ ಸಂಖ್ಯೆ ಬದಲಾದರೆ ಶೇಕಡವೂ ಬದಲಾಗುತ್ತದೆ, ಅಷ್ಟೇ. ಲಾಭ ಇರುವ ತನಕ ಮಾರಿದ ಬೆಲೆ ಅಸಲಿಗಿಂತ ಜಾಸ್ತಿ ಇರುತ್ತದಲ್ವಾ? ಹಾಗಾಗಿ ಅದೇ ಲಾಭಕ್ಕೆ ಮಾರ್ಜಿನ್ ಯಾವಾಗಲೂ ಮಾರ್ಕಪ್‌ಗಿಂತ ಕಮ್ಮಿ ಬರುತ್ತದೆ. ನಿಮ್ಮ ಉತ್ತರದಲ್ಲಿ ಮಾರ್ಜಿನ್ ಜಾಸ್ತಿ ಬಂದಿದ್ದರೆ ಎಲ್ಲೋ ತಿರುಗುಮುರುಗಾಗಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ಮಾರ್ಕಪ್ 100 ದಾಟಬಹುದು, 200 ಕೂಡ ಆಗಬಹುದು. ಅಸಲು ಅಂತ ಒಂದು ಇರುವ ತನಕ ಮಾರ್ಜಿನ್ 100 ಮುಟ್ಟುವುದಿಲ್ಲ.

ಈಗ ಸರಿಯಾದ ರೇಟು ಹೇಗೆ ಹಾಕುವುದು? ಮಾರುವ ಬೆಲೆಯನ್ನೇ 100 ಅಂದುಕೊಳ್ಳಿ. ಅದರಲ್ಲಿ 20 ಲಾಭ ಅಂದರೆ ಉಳಿದ 80 ಅಸಲು. ನಮ್ಮ ಅಸಲು 360. ಅಂದರೆ 360 ರೂಪಾಯಿ ಅನ್ನುವುದು ಮಾರುವ ಬೆಲೆಯ ಶೇಕಡ 80. ಹಾಗಾದರೆ ಪೂರ್ತಿ ಬೆಲೆ 360 ÷ 0.80 = 450. ಲಾಭ 90. ಅದು 450ರ ಶೇಕಡ 20. ಅದೇ 90 ರೂಪಾಯಿ 360ರ ಶೇಕಡ 25. ಅಣ್ಣ ಕೇಳಿದ 20 ಮಾರ್ಜಿನ್ ಬರಬೇಕಾದರೆ ನಾನು 25 ಮಾರ್ಕಪ್ ಹಾಕಬೇಕಿತ್ತು. ಪೀಸಿಗೆ 18 ರೂಪಾಯಿಯಂತೆ 500 ಪೀಸಿಗೆ 9,000 ರೂಪಾಯಿ ಕಮ್ಮಿ ಬಿಲ್ಲಾಗಿತ್ತು. ಕಟ್ಟಡದ ಬಾಡಿಗೆ, ಸಾಲದ ಬಡ್ಡಿ, ನನ್ನ ಸಂಬಳ ಎಲ್ಲ ಹೋಗಬೇಕಾದದ್ದು ಈ ಲಾಭದಿಂದಲೇ.

ಎಕ್ಸೆಲ್‌ನಲ್ಲಿ ಮಾಡುವವರು ಇದನ್ನು ಗಮನಿಸಿ. B2ರಲ್ಲಿ ಅಸಲು, C2ರಲ್ಲಿ 20% ಅಂತ ಇಟ್ಟುಕೊಳ್ಳಿ. ಮಾರ್ಜಿನ್ ಬೇಕಾದರೆ ಮೊದಲನೆಯ ಸಾಲು, ಮಾರ್ಕಪ್ ಬೇಕಾದರೆ ಎರಡನೆಯದು. ನಾನು ಹಾಕಿದ್ದು ಎರಡನೆಯದು.

```
=B2/(1-C2)
=B2*(1+C2)
```

ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಒತ್ತುವುದಕ್ಕಿಂತ ಪಾಲು ಹಾಕುವುದು ಬೇಗ ಆಗುತ್ತದೆ. ನಮ್ಮ ಪ್ಯಾಂಟಿನಲ್ಲಿ ಅಸಲು 4 ಪಾಲು, ಲಾಭ 1 ಪಾಲು, ಮಾರಿದ ಬೆಲೆ 5 ಪಾಲು. ಅಸಲಿನ ಮೇಲೆ ನೋಡಿದರೆ 1/4, ಮಾರಾಟದ ಮೇಲೆ ನೋಡಿದರೆ 1/5. ಮೇಲಿನ ಸಂಖ್ಯೆ ಬದಲಾಗುವುದಿಲ್ಲ, ಯಾಕೆಂದರೆ ಅದು ಲಾಭ. ಅಸಲಿನಿಂದ ಮಾರಾಟಕ್ಕೆ ಹೋಗುವಾಗ ಕೆಳಗಿನದಕ್ಕೆ ಮೇಲಿನದನ್ನು ಕೂಡಿಸಿ. ಮಾರಾಟದಿಂದ ಅಸಲಿಗೆ ಬರುವಾಗ ಕಳೆಯಿರಿ. ಅಸಲಿನ ಮೇಲೆ 1/2 ಆದರೆ ಮಾರಾಟದ ಮೇಲೆ 1/3. ಮಾರಾಟದ ಮೇಲೆ 2/5, ಅಂದರೆ ಶೇಕಡ 40 ಆದರೆ, ಅಸಲಿನ ಮೇಲೆ 2/3, ಅಂದರೆ ಶೇಕಡ 66.67. ಪ್ರಶ್ನೆಯಲ್ಲಿ ‘ಅಸಲಿನ ಮೇಲೆ’ ಅಂತ ಇದೆಯೋ ‘ಮಾರಾಟದ ಮೇಲೆ’ ಅಂತ ಇದೆಯೋ ನೋಡಿ, ಆ ಪದದ ಕೆಳಗೆ ಗೆರೆ ಎಳೆದುಕೊಂಡೇ ಲೆಕ್ಕ ಶುರುಮಾಡಿ.

ಡಿಸ್ಕೌಂಟ್ ಕೊಡುವಾಗ ಮಾರ್ಜಿನ್ ಗೊತ್ತಿದ್ದರೆ ಎಷ್ಟು ಅನುಕೂಲ ಅನ್ನುವುದನ್ನು ನಾನು ಪುಸ್ತಕದಲ್ಲಿ ಓದಿರಲಿಲ್ಲ. ಗಿರಾಕಿ ಡಿಸ್ಕೌಂಟ್ ಕೇಳುವುದು ಮಾರುವ ಬೆಲೆಯ ಮೇಲೆ, ಅಸಲಿನ ಮೇಲೆ ಅಲ್ಲ. ಹೊಸಪೇಟೆಯಿಂದ ಬಂದ ಒಬ್ಬರು ಅಂಗಡಿಯವರು 450ರ ಪ್ಯಾಂಟಿಗೆ ಶೇಕಡ 20 ಬಿಡಿ ಅಂದರು. ಪಕ್ಕದಲ್ಲಿದ್ದ ಹುಡುಗ ಮೆಲ್ಲಗೆ, "ನಾವು ಇಪ್ಪತ್ತೈದು ಇಟ್ಟೀವಲ್ಲಣ್ಣ, ಇಪ್ಪತ್ತು ಬಿಟ್ರೂ ಐದು ಉಳಿತೈತಿ" ಅಂದ. ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಆದರೆ 450ರ ಶೇಕಡ 20 ಅಂದರೆ 90. ಬಿಟ್ಟರೆ 360. ಸರಿಯಾಗಿ ಅಸಲಿಗೆ ಬಂದು ನಿಂತಿತು, ಒಂದು ರೂಪಾಯಿಯೂ ಉಳಿಯಲಿಲ್ಲ. ಮಾರ್ಜಿನ್ ಶೇಕಡ 20 ಇದ್ದರೆ ಡಿಸ್ಕೌಂಟಿನ ಕೊನೆಯ ಗೆರೆಯೂ ಶೇಕಡ 20. ಮಾರ್ಕಪ್ ಆ ಗೆರೆಯನ್ನು ತೋರಿಸುವುದಿಲ್ಲ. ಶೇಕಡ 10 ಬಿಟ್ಟರೂ 45 ಹೋಗಿ 45 ಉಳಿಯುತ್ತದೆ, ಅಂದರೆ ಲಾಭದಲ್ಲಿ ಅರ್ಧ. ಆವತ್ತು ಅಣ್ಣ ಶೇಕಡ 4 ಬಿಟ್ಟು 432ಕ್ಕೆ ಕೊಟ್ಟರು. ನಾನು ತಪ್ಪಾಗಿ ಹಾಕಿದ್ದೂ ಅದೇ ರೇಟು. ಆದರೆ ಈ ಸಲ ಎಷ್ಟು ಬಿಡುತ್ತಿದ್ದೇವೆ ಅಂತ ಗೊತ್ತಿದ್ದು ಬಿಟ್ಟದ್ದು.

ಇನ್ನು ಎಂಆರ್‌ಪಿಯಿಂದ ಹಿಂದಕ್ಕೆ ಬರುವ ಲೆಕ್ಕ. ನನಗೆ ತುಂಬ ದಿನ ತೊಡಕಾಗಿದ್ದು ಇದು. ದೊಡ್ಡ ಅಂಗಡಿಯವರು ನಿಮ್ಮ ಅಸಲು ಕೇಳುವುದಿಲ್ಲ. "ಎಂಆರ್‌ಪಿ 699 ಇರಬೇಕು, ನಮಗೆ ನಲವತ್ತು ಪರ್ಸೆಂಟ್ ಮಾರ್ಜಿನ್ ಬೇಕು, ಕೊಡೋಕಾಗುತ್ತಾ ಹೇಳಿ" ಅಂತಾರೆ. ಇಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯಬೇಕು.

ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ. ಈ ಬೆಲೆಯ ಬಟ್ಟೆಗೆ ಜಿಎಸ್‌ಟಿ ಶೇಕಡ 5. ಅದು ಅಂಗಡಿಯವರ ದುಡ್ಡಲ್ಲ, ಮೊದಲು ತೆಗೆದಿಡಬೇಕು. ಇಲ್ಲೂ ಅದೇ ಬಲೆ ಇದೆ. 699ರ ಶೇಕಡ 5 ಕಳೆಯಬಾರದು, ಯಾಕೆಂದರೆ ತೆರಿಗೆ ಹಾಕುವುದು ತೆರಿಗೆ ಇಲ್ಲದ ಬೆಲೆಯ ಮೇಲೆ. ಅದು ಒಂದು ಥರ ಮಾರ್ಕಪ್ ಇದ್ದ ಹಾಗೆ. ಆದ್ದರಿಂದ 699 ÷ 1.05 = 665.71. ಇದು ಅಂಗಡಿಯವರ ನಿಜವಾದ ಮಾರಾಟ ಬೆಲೆ. ಇದರಲ್ಲಿ ಶೇಕಡ 40 ಅವರಿಗೆ. ಉಳಿದ ಶೇಕಡ 60 ನಮಗೆ ಕೊಡುವ ರೇಟು: 665.71 × 0.60 = 399.43. ಇದರಲ್ಲಿ ಶೇಕಡ 20 ನಮ್ಮ ಮಾರ್ಜಿನ್. ಹಾಗಾದರೆ ಅಸಲು 399.43 × 0.80 = 319.54 ಮೀರಬಾರದು. ನಮ್ಮ ಅಸಲು 360. ಪೀಸಿಗೆ 40 ರೂಪಾಯಿ ಜಾಸ್ತಿ ಇದೆ.

ಒಂದು ಎಚ್ಚರಿಕೆ. ಅವರ 40, ನಮ್ಮ 20 ಸೇರಿ 60, ಹಾಗಾಗಿ ಅಸಲು ಶೇಕಡ 40 ಅಂತ ಕೂಡಿಸಿಬಿಡಬೇಡಿ. ಹಾಗೆ ಮಾಡಿದರೆ 266 ಬರುತ್ತದೆ. ಆ ಅಂಕಿ ನೋಡಿ, ಮಾಡಬಹುದಾದ ಆರ್ಡರನ್ನೂ ಬೇಡ ಅಂದುಬಿಡುತ್ತೀರಿ. ಅವರ 40 ಇರುವುದು 665.71ರ ಮೇಲೆ, ನಮ್ಮ 20 ಇರುವುದು 399.43ರ ಮೇಲೆ. ಬೇರೆ ಬೇರೆ ಬೆಲೆಯ ಮೇಲಿನ ಶೇಕಡಗಳನ್ನು ಕೂಡಿಸುವ ಹಾಗಿಲ್ಲ, ಒಂದೊಂದಾಗಿ ಗುಣಿಸುತ್ತಾ ಬರಬೇಕು. ಮಾರ್ಜಿನ್ ಲೆಕ್ಕದಲ್ಲಿ ಅಸಲಿನಿಂದ ಮೇಲಕ್ಕೆ ಹೋಗುವಾಗ ಭಾಗಾಕಾರ, ಮಾರುವ ಬೆಲೆಯಿಂದ ಕೆಳಕ್ಕೆ ಬರುವಾಗ ಗುಣಾಕಾರ.

ಅಣ್ಣನಿಗೆ ಈ ಮೂರು ಸಾಲು ಬರೆದು ತೋರಿಸಿದೆ. 319ಕ್ಕೆ ಆಗಲ್ಲ ಅಂದರು. ಅಷ್ಟು ಇಳಿಸಬೇಕಾದರೆ ಬಟ್ಟೆಯನ್ನೇ ತೆಳ್ಳಗೆ ಮಾಡಬೇಕು, ಅದು ಅವರಿಗೆ ಇಷ್ಟ ಇಲ್ಲ. "ಎಷ್ಟು ಎಂಆರ್‌ಪಿ ಆದ್ರೆ ನಮಗ ಕೂಡ್ತದ ನೋಡು" ಅಂದರು. 749 ಹಾಕಿ ನೋಡಿದೆ. 1.05ರಿಂದ ಭಾಗಿಸಿದರೆ 713.33. ಅದರ ಶೇಕಡ 60 ಅಂದರೆ 428. ಅದರ ಶೇಕಡ 80 ಅಂದರೆ 342.40. ಅಂದರೆ 360ರಲ್ಲಿ 18 ರೂಪಾಯಿ ಇಳಿದರೆ ಸಾಕು. ಸ್ಟೋನ್ ವಾಷ್ ಬದಲು ಸಾದಾ ವಾಷ್ ಮಾಡಿಸಿದರೆ 15 ಉಳಿಯುತ್ತದೆ. ಒಂದೊಂದಕ್ಕೆ ಬೇರೆ ಕವರ್ ಹಾಕುವ ಬದಲು ಹತ್ತರ ಕಟ್ಟು ಕಟ್ಟಿದರೆ 3. ಅಸಲು 342ಕ್ಕೆ ಬಂತು.

ಅಣ್ಣ ಫೋನ್ ಮಾಡಿ 749 ಎಂಆರ್‌ಪಿ ಹೇಳಿದರು. ಅಂಗಡಿಯವರು ಸ್ವಲ್ಪ ಎಳೆದಾಡಿ ಒಪ್ಪಿದರು. 428ರ ರೇಟಿಗೆ 300 ಪೀಸ್ ಬರೆದುಕೊಂಡೆ. ಈ ಸಲ ಬಿಲ್ ಬುಕ್ಕಿನ ಮೂಲೆಯಲ್ಲಿ ಪೆನ್ಸಿಲಿನಿಂದ ‘20, ಮಾರಾಟದ ಮೇಲೆ’ ಅಂತಲೂ ಬರೆದಿಟ್ಟೆ.