ಬಾಡಿಗೆ ಕಮ್ಮಿ ಮಾಡಿ ಅಂತ ಓನರ್‌ಗೆ ಬರೆಯೋ ಮುಂಚೆ ಟೇಪ್ ಹಿಡ್ಕೊಂಡು ಅಂಗಡಿ ಅಳೀರಿ

ಮಂಗಳವಾರ ನಮ್ಮ ಆಫೀಸಿಗೆ ಬರೋರಲ್ಲಿ ಸಲೂನ್‌ನೋರು ಜಾಸ್ತಿ, ಯಾಕಂದ್ರೆ ಅವತ್ತು ಅವರಿಗೆ ರಜ. ಮೊನ್ನೆ ಮೇ ತಿಂಗಳಲ್ಲೂ ಹಂಗೇ ಒಬ್ರು ಬಂದ್ರು, ಬೆಂಗಳೂರಿನ ಪಶ್ಚಿಮದ ಕಡೆ ಒಂದು ಬಡಾವಣೆ, ಮೇನ್ ರೋಡಿಂದ ಒಳಗೆ ಎರಡನೇ ಕ್ರಾಸ್, ಏಳು ವರ್ಷದಿಂದ ಅದೇ ಅಂಗಡಿ, ಮೂರು ಕುರ್ಚಿ, ಇಬ್ರು ಹುಡುಗ್ರು ಮತ್ತೆ ಇವರು. ಬಾಡಿಗೆ 28,000, ಅಡ್ವಾನ್ಸ್ 2,80,000. ಓನರ್ ಮೇಲಿನ ಮನೇಲೇ ಇರೋದು. ಜೂನ್‌ನಿಂದ 42,000 ಕೊಡಿ, ಅಡ್ವಾನ್ಸೂ ಹತ್ತು ತಿಂಗಳ ಲೆಕ್ಕಕ್ಕೆ ಸರಿ ಮಾಡಿ ಅಂತ ಮೆಟ್ಟಿಲ ಮೇಲೆ ನಿಂತ್ಕೊಂಡೇ ಹೇಳಿ ಹೋಗಿದಾರೆ. ಅಂದ್ರೆ ಒಂದೇ ಸಲ ಅರ್ಧಕ್ಕರ್ಧ ಜಾಸ್ತಿ.

ಇವರು ವಾಟ್ಸಾಪಲ್ಲಿ ಒಂದು ಪತ್ರ ಬರ್ಕೊಂಡು ಬಂದಿದ್ರು, ಕಳ್ಸೋ ಮುಂಚೆ ನೋಡಿ ಸಾರ್ ಅಂತ. ಕೋವಿಡ್ ಟೈಮಲ್ಲಿ ಪಟ್ಟ ಕಷ್ಟ, ಮಗಳ ಕಾಲೇಜ್ ಫೀಸು, ಚೀಟಿ ಸಾಲ ಎಲ್ಲಾ ಇತ್ತು. ಕೊನೇಲಿ ಎರಡು ಸಾಲು, "ಅಗ್ರಿಮೆಂಟ್ ಮಾರ್ಚ್‌ನಲ್ಲೇ ಮುಗಿದಿದೆ ಅಂತ ಗೊತ್ತು, ಆದ್ರೂ ನೀವು ಒಪ್ಪಲಿಲ್ಲ ಅಂದ್ರೆ ನಾನು ಖಾಲಿ ಮಾಡ್ಬೇಕಾಗುತ್ತೆ, ಇಲ್ಲಾ ಕೋರ್ಟಿಗೆ ಹೋಗ್ಬೇಕಾಗುತ್ತೆ."

ನಾನು ಮೊದಲು ಹೊಡೆದು ಹಾಕಿದ್ದು ಆ ಕೊನೇ ಎರಡು ಸಾಲು. ಖಾಲಿ ಮಾಡ್ತೀನಿ ಅಂತ ನೀವೇ ಬರೆದು ಕೊಟ್ರೆ ಓನರ್‌ಗೆ ಅಷ್ಟೇ ಸಾಕು, ಸರಿಯಪ್ಪಾ ಯಾವಾಗ ಅಂತ ಕೇಳ್ತಾರೆ. ಇನ್ನು ಕೋರ್ಟು. ಬಹಳ ಜನಕ್ಕೆ ಬಾಡಿಗೆ ಕಾಯ್ದೆ ಅಂತೊಂದಿದೆ, ಅದು ನಮ್ಮನ್ನ ಕಾಯುತ್ತೆ ಅನ್ನೋ ನಂಬಿಕೆ ಇದೆ. ಕರ್ನಾಟಕ ಬಾಡಿಗೆ ಕಾಯ್ದೆ 1999 ಇರೋದು ನಿಜ, ಆದ್ರೆ ವ್ಯಾಪಾರದ ಜಾಗ 14 ಚದರ ಮೀಟರ್‌ಗಿಂತ ದೊಡ್ಡದಿದ್ರೆ ಅದು ಲಾಗೂ ಆಗಲ್ಲ, ಅಂದ್ರೆ ಸುಮಾರು 150 ಚದರ ಅಡಿ. ಅದ್ರೊಳಗಿದ್ರೂ ಬಾಡಿಗೆಗೂ ಒಂದು ಮಿತಿ ಇದೆ, ಬೆಂಗಳೂರಂಥ ಊರಿಗೆ ತಿಂಗಳಿಗೆ 3,500 ರೂಪಾಯಿ. ಈ ಕಾಲದಲ್ಲಿ 3,500ಕ್ಕೆ ಅಂಗಡಿ ಎಲ್ಲಿದೆ ಹೇಳಿ. ಮೂರು ಕುರ್ಚಿ ಸಲೂನಂತೂ ಆ ಕಾಯ್ದೆ ಹತ್ರಾನೂ ಬರಲ್ಲ. ಹಾಗಾಗಿ ಇಷ್ಟಕ್ಕಿಂತ ಜಾಸ್ತಿ ಏರಿಸಬಾರದು ಅಂತ ತಡೆಯೋ ಕಾನೂನು ಇಲ್ಲ.

ಉಳಿಯೋದು ಆಸ್ತಿ ವರ್ಗಾವಣೆ ಕಾಯ್ದೆ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಮೇಲೂ ನೀವು ಬಾಡಿಗೆ ಕೊಡ್ತಾ ಇದ್ದು ಓನರ್ ತಗೊಳ್ತಾ ಇದ್ರೆ ನೀವು ತಿಂಗಳ ಲೆಕ್ಕದ ಬಾಡಿಗೆದಾರ. ಆಗ ನಿಮ್ಮ ಒಪ್ಪಿಗೆ ಇಲ್ಲದೆ ಅವರೊಬ್ಬರೇ ಬಾಡಿಗೆ ಬದಲಾಯಿಸೋಕೆ ಆಗಲ್ಲ, ಆದ್ರೆ 106ನೇ ಸೆಕ್ಷನ್ ಪ್ರಕಾರ ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿ ಅನ್ನಬಹುದು. ನೋಟಿಸ್ ಆದ ತಕ್ಷಣ ಬೀಗ ಹಾಕೋಕಾಗಲ್ಲ, ಕೇಸ್ ಹಾಕಿ ಆದೇಶ ತರಬೇಕು, ಅದಕ್ಕೆ ಟೈಮ್ ಹಿಡಿಯುತ್ತೆ ಅನ್ನೋದು ಬೇರೆ ಮಾತು. ಆದ್ರೆ ಮೇಲಿನ ಮನೇಲಿರೋ ಓನರ್ ಜೊತೆ ಕೇಸ್ ನಡೆಸ್ತಾ ಕೆಳಗಡೆ ಕಟಿಂಗ್ ಮಾಡೋದು, ಅವರೇ ಬಿಡೋ ಸಂಪ್ ನೀರಲ್ಲಿ, ಅದು ಆಗೋ ಹೋಗೋ ಕೆಲಸ ಅಲ್ಲ. ಅದಕ್ಕೇ ಈ ಪತ್ರದಲ್ಲಿ ಕಾನೂನಿನ ಮಾತೇ ಬೇಡ ಅಂದೆ.

ಹಂಗಾದ್ರೆ ಏನು ಬರೀಬೇಕು? ನಾನು ಅವರನ್ನ ಕೇಳಿದ್ದು ಒಂದೇ, 42 ಅನ್ನೋ ನಂಬರ್ ಓನರ್ ತಲೆಗೆ ಎಲ್ಲಿಂದ ಬಂತು ಅಂತ. ಸುಮ್ನೆ ಯಾರೂ 42 ಅನ್ನಲ್ಲ. ಸ್ವಲ್ಪ ಯೋಚ್ನೆ ಮಾಡಿ ಹೇಳಿದ್ರು, ಕಾರ್ನರ್‌ನಲ್ಲಿ ಹೊಸದಾಗಿ ಮೆಡಿಕಲ್ ಸ್ಟೋರ್ ಬಂದಿದೆ ಸಾರ್, ಅವರು 45 ಕೊಡ್ತಾರಂತೆ. ಸರಿ, ಆ ಅಂಗಡಿ ಎಷ್ಟು ದೊಡ್ಡದು? ಗೊತ್ತಿಲ್ಲ. ನಿಮ್ಮದು? ಅದೂ ಸರಿಯಾಗಿ ಗೊತ್ತಿಲ್ಲ! ಏಳು ವರ್ಷ ಒಳಗೇ ನಿಂತು ಕೆಲ್ಸ ಮಾಡಿದಾರೆ, ಅಗ್ರಿಮೆಂಟಲ್ಲಿ "ಒಂದು ಅಂಗಡಿ ಮಳಿಗೆ" ಅಂತ ಮಾತ್ರ ಇದೆ. ಹೋಗಿ ಟೇಪ್ ತಗೊಂಡು ಅಳ್ಕೊಂಡು ಬನ್ನಿ, ಮೆಡಿಕಲ್‌ನೋರನ್ನೂ ಮಾತಾಡ್ಸಿ ಕೇಳ್ಕೊಂಡು ಬನ್ನಿ ಅಂತ ವಾಪಸ್ ಕಳ್ಸಿದೆ.

ಸಂಜೆ ಫೋನ್ ಬಂತು. ಇವರದ್ದು 380 ಚದರ ಅಡಿ, ಮೆಡಿಕಲ್ 520, ಅದೂ ಎರಡು ಕಡೆ ಶಟರ್ ಇರೋ ಕಾರ್ನರ್. 45,000ನ 520ರಿಂದ ಭಾಗಿಸಿದ್ರೆ ಅಡಿಗೆ 86 ರೂಪಾಯಿ ಚಿಲ್ಲರೆ. ಇವರು ಈಗ ಕೊಡ್ತಿರೋದು ಅಡಿಗೆ 74ರ ಹತ್ರ, ಓನರ್ ಕೇಳ್ತಿರೋದು 110. ಮೆಡಿಕಲ್ ರೇಟನ್ನೇ ಇವರ ಅಂಗಡಿಗೆ ಹಾಕಿದ್ರೂ 33,000 ದಾಟಲ್ಲ, ಅದೂ ಕಾರ್ನರ್ ರೇಟನ್ನ ಒಳ ಅಂಗಡಿಗೆ ಕೊಟ್ಟ ಲೆಕ್ಕ. ನಮ್ಮ ನಂಬರ್ ಅಲ್ಲೇ ಸಿಕ್ತು. ಓನರ್ ನೋಡಿ ಆಸೆ ಪಟ್ಟ ಅಂಗಡಿಯ ಲೆಕ್ಕದಲ್ಲೇ ಬಂದಿದ್ದು, ಹಾಗಾಗಿ ಅವರಿಗೂ ಅವಮಾನ ಅನ್ಸಲ್ಲ.

ಎರಡನೇದು ಸಲೂನಿನ ಒಳಗಿನ ಲೆಕ್ಕ. ತಿಂಗಳಿಗೆ ಸರಾಸರಿ 1,65,000 ಬಿಸಿನೆಸ್, ಬಾಡಿಗೆ ಈಗ ಅದರಲ್ಲಿ ನೂರಕ್ಕೆ 17, 42 ಆದ್ರೆ ನೂರಕ್ಕೆ 25 ದಾಟುತ್ತೆ. ಆದ್ರೆ ಪರ್ಸೆಂಟೇಜ್ ಬರೆದ್ರೆ ಓನರ್ ಕಣ್ಣು ಮುಂದಿನ ಸಾಲಿಗೆ ಹೋಗ್ಬಿಡುತ್ತೆ, ಅದನ್ನ ಕಟಿಂಗ್ ಲೆಕ್ಕದಲ್ಲಿ ಹೇಳ್ಬೇಕು. ಒಂದು ಕಟಿಂಗ್ 200 ರೂಪಾಯಿ, ಹುಡುಗನ ಕಮಿಷನ್, ಬ್ಲೇಡು, ಟವಲ್ ಒಗೆತ, ಕರೆಂಟು ಎಲ್ಲಾ ಕಳೆದು ಕೈಗೆ ಸಿಗೋದು 110ರ ಹತ್ರ. 14,000 ಹೆಚ್ಚುವರಿ ಬಾಡಿಗೆ ತೆಗೀಬೇಕಂದ್ರೆ ತಿಂಗಳಿಗೆ 127 ಕಟಿಂಗ್ ಜಾಸ್ತಿ, ಮಂಗಳವಾರ ಬಿಟ್ಟು 26 ದಿನ ಅಂದ್ರೆ ದಿನಕ್ಕೆ ಐದು. ಶನಿವಾರ ಭಾನುವಾರ ಕುರ್ಚಿ ಆಗ್ಲೇ ಫುಲ್ಲು, ಮಿಕ್ಕ ದಿನ ಹನ್ನೊಂದರಿಂದ ನಾಲ್ಕರವರೆಗೆ ಜನಾನೇ ಬರಲ್ಲ, ಐದು ತಲೆ ಎಲ್ಲಿಂದ ತರೋದು. ದಿನಾ ಅದೇ ಮೆಟ್ಟಿಲು ಇಳಿಯೋ ಓನರ್‌ಗೆ ಆ ಖಾಲಿ ಕುರ್ಚಿ ಕಾಣ್ಸುತ್ತಲ್ಲ, ಅದಕ್ಕೇ ಈ ಲೆಕ್ಕ ಕೆಲಸ ಮಾಡುತ್ತೆ.

ಮೂರನೇದು ಓನರ್ ಜೇಬಿನ ಲೆಕ್ಕ, ಪತ್ರದ ಜೀವ ಇರೋದೇ ಇಲ್ಲಿ. ಇವರು ಬಿಟ್ಟು ಹೋದ್ರೆ ಅಂಗಡಿ ಮೂರು ತಿಂಗಳು ಖಾಲಿ ಅಂತಿಟ್ಕೊಳ್ಳಿ (ಅದೇ ರೋಡಲ್ಲಿ ಇನ್ನೊಂದು ಶಟರ್ ಐದು ತಿಂಗಳಿಂದ ಟು-ಲೆಟ್ ಬೋರ್ಡ್ ಹಾಕ್ಕೊಂಡು ಕೂತಿದೆ). 33,000 ಲೆಕ್ಕದಲ್ಲಿ 99,000 ಹೋಯ್ತು, ಬ್ರೋಕರ್‌ಗೆ ಒಂದು ತಿಂಗಳ ಬಾಡಿಗೆ 42,000, ಒಟ್ಟು 1,41,000. ಹೊಸಬ್ರು 42 ಕೊಟ್ರೂ 33ಕ್ಕಿಂತ ತಿಂಗಳಿಗೆ 9,000 ತಾನೇ ಲಾಭ, ಹೋಗಿದ್ದು ವಾಪಸ್ ಬರೋಕೆ ಹತ್ತತ್ರ ಹದಿನಾರು ತಿಂಗಳು ಬೇಕು, ಅಗ್ರಿಮೆಂಟೇ ಹನ್ನೊಂದು ತಿಂಗಳು! ಜೊತೆಗೆ ಖಾಲಿ ಮಾಡಿದ ದಿನ 2,80,000 ವಾಪಸ್ ಕೊಡ್ಬೇಕು. ಬೆಂಗಳೂರಲ್ಲಿ ಅಡ್ವಾನ್ಸ್ ದುಡ್ಡನ್ನ ಬ್ಯಾಂಕಲ್ಲಿ ಹಂಗೇ ಇಟ್ಟಿರೋ ಓನರ್‌ನ ನಾನಂತೂ ನೋಡಿದ್ದು ಕಮ್ಮಿ. ಆದ್ರೆ ಅಡ್ವಾನ್ಸ್ ವಾಪಸ್ ಕೊಡೋ ವಿಷಯ ಪತ್ರದಲ್ಲಿ ಬಾಯಿ ಬಿಟ್ಟು ಬರೀಬೇಡಿ, ಬೆದರಿಕೆ ಥರ ಕೇಳ್ಸುತ್ತೆ, ಅದು ಅವರಿಗೆ ತಾನಾಗೇ ನೆನಪಾಗುತ್ತೆ.

ಕೊನೆಗೆ ಹೋದ ಪತ್ರದ ಮುಖ್ಯ ಭಾಗ ಹಿಂಗಿತ್ತು:

"ಯಜಮಾನ್ರಿಗೆ ನಮಸ್ಕಾರ. ಜೂನ್‌ನಿಂದ ಬಾಡಿಗೆ 42,000 ಮಾಡೋ ವಿಷಯ ಹೇಳಿದ್ರಿ. ಬಾಡಿಗೆ ಏರಿಸೋದು ನ್ಯಾಯವೇ, ಇಲ್ಲ ಅನ್ನಲ್ಲ. ಕಾರ್ನರ್ ಮೆಡಿಕಲ್ 520 ಅಡಿಗೆ 45,000 ಕೊಡ್ತಿದ್ದಾರೆ, ಅದೇ ದರದಲ್ಲಿ ನಮ್ಮ 380 ಅಡಿಗೆ ಸುಮಾರು 33,000 ಆಗುತ್ತೆ. 42,000 ಕಟ್ಟಬೇಕಾದ್ರೆ ನನಗೆ ದಿನಕ್ಕೆ ಐದು ಕಟಿಂಗ್ ಹೆಚ್ಚಿಗೆ ಬೇಕು, ವಾರದ ದಿನಗಳಲ್ಲಿ ಅಷ್ಟು ಗಿರಾಕಿ ಇಲ್ಲ ಅನ್ನೋದು ತಮಗೇ ಕಾಣುತ್ತೆ. ಅಂಗಡಿ ಮೂರು ತಿಂಗಳು ಖಾಲಿ ಉಳಿದ್ರೆ ತಮಗೂ ಬ್ರೋಕರ್ ಖರ್ಚು ಸೇರಿ 1,41,000 ನಷ್ಟ. ಎರಡು ದಾರಿ ಕೇಳ್ಕೊಳ್ತೀನಿ, ತಮಗೆ ಯಾವುದು ಅನುಕೂಲವೋ ಅದು. ಒಂದು, ಜೂನ್‌ನಿಂದಲೇ 33,000, ಆಮೇಲೆ ವರ್ಷಕ್ಕೆ ನೂರಕ್ಕೆ 6. ಎರಡು, ಈಗ 30,000, ಡಿಸೆಂಬರ್‌ನಿಂದ 33,000, ಮುಂದಿನ ಜೂನ್‌ಗೆ 36,000. ಯಾವುದಾದ್ರೂ ಸರಿ, ಮೂರು ವರ್ಷ ನಾನು ಜಾಗ ಬಿಡಲ್ಲ ಅಂತ ಬರೆದು ಕೊಡ್ತೀನಿ, ಪೇಂಟಿಂಗ್ ಮತ್ತು ನಲ್ಲಿ ರಿಪೇರಿ ನನ್ನದೇ ಖರ್ಚು. ಅಡ್ವಾನ್ಸ್ ಈಗಿರುವಷ್ಟೇ ಇರಲಿ ಅಂತ ವಿನಂತಿ."

ಎರಡು ದಾರಿ ಯಾಕೆ ಅಂದ್ರೆ, ಒಂದೇ ನಂಬರ್ ಕೊಟ್ರೆ ಉತ್ತರ ಹೂಂ ಅಥವಾ ಊಹೂಂ ಅಷ್ಟೇ. ಎರಡು ಕೊಟ್ರೆ ಮಾತು ಯಾವುದು ಅನ್ನೋ ಕಡೆ ತಿರುಗುತ್ತೆ. ಪತ್ರನ ಕೈಗೆ ಕೊಡಿ, ಒಂದು ಕಾಪಿ ವಾಟ್ಸಾಪಲ್ಲೂ ಹಾಕಿ, ತಾರೀಖು ಉಳಿಯುತ್ತೆ.

ಪತ್ರ ಕೊಟ್ಟ ಮೇಲೆ ಜನ ಎಡವೋದು ಜೂನ್ ಬಾಡಿಗೆ ದಿನ. ಓನರ್ ಈ ತಿಂಗಳು 42 ಹಾಕಿರು, ಆಮೇಲೆ ನೋಡೋಣ ಅಂತಾರೆ, ಇವರು ಮುಲಾಜಿಗೆ ಹಾಕ್ಬಿಡ್ತಾರೆ. ಒಂದು ಸಲ ಅಕೌಂಟಿಗೆ 42,000 ಹೋದ್ರೆ ಹೊಸ ಬಾಡಿಗೆಗೆ ಒಪ್ಪಿದ್ದಕ್ಕೆ ಅದೇ ಸಾಕ್ಷಿ ಆಗುತ್ತೆ. ಇನ್ನು ಕೆಲವರು ಸಿಟ್ಟಿಗೆ ಬಾಡಿಗೇನೇ ನಿಲ್ಲಿಸಿ ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅಂತಾರೆ, ಅದು ಇನ್ನೂ ಕೆಟ್ಟದ್ದು, ಬಾಕಿದಾರ ಅನ್ನೋ ಹೆಸರು ನೀವೇ ತಂದ್ಕೊಂಡ ಹಾಗೆ. ಮಾತು ಮುಗಿಯೋ ತನಕ ಹಳೇ 28,000ನ ಅದೇ ತಾರೀಖಿಗೆ, ಬ್ಯಾಂಕ್ ಮೂಲಕ, "ಜೂನ್ ಬಾಡಿಗೆ" ಅಂತ ಬರೆದು ಹಾಕಿ.

ಒಂಬತ್ತು ದಿನ ಆದ್ಮೇಲೆ ಓನರ್ ಮೇಲಿಂದ ಕಾಫಿಗೆ ಕರೆದ್ರಂತೆ. 35 ಮಾಡಪ್ಪ ಅಂದ್ರು, 34ಕ್ಕೆ ನಿಂತ್ತು, ಅಡ್ವಾನ್ಸ್ ಮುಟ್ಟಲಿಲ್ಲ. ಮೂರು ವರ್ಷದ ಮಾತು ಮಾತ್ರ ದಡ ಸೇರಲಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಲೀಸ್ ಅಂದ್ರೆ ರಿಜಿಸ್ಟರ್ ಮಾಡಿಸ್ಲೇಬೇಕು, ಓನರ್‌ಗೆ ಸಬ್ ರಿಜಿಸ್ಟ್ರಾರ್ ಆಫೀಸ್ ಅಂದ್ರೇನೇ ಅಲರ್ಜಿ. ಮತ್ತೆ ಹನ್ನೊಂದು ತಿಂಗಳೇ ಆಯ್ತು. ನೂರಕ್ಕೆ 6 ಅನ್ನೋದನ್ನ ಅದ್ರಲ್ಲಿ ಬರೆಸಿದೀವಿ, ಆದ್ರೆ ಅವಧಿ ಮುಗಿದ ಮೇಲೆ ಓನರ್ ಅದಕ್ಕೆ ಕಟ್ಟುಬೀಳ್ತಾರೆ ಅಂತ ನಾನು ಹೇಳಲ್ಲ. ಮುಂದಿನ ಮಾತುಕತೆ ಎಲ್ಲಿಂದ ಶುರುವಾಗ್ಬೇಕು ಅನ್ನೋದಕ್ಕೆ ಅದೊಂದು ಗುರುತು, ಅಷ್ಟೇ.

ಈಗ ಇವರು ಕಟಿಂಗ್ 220 ಮಾಡ್ತೀನಿ ಅಂತಿದಾರೆ. ಮಾಡಿ, ಆದ್ರೆ ಒಂದು ನಿಮಿಷ ಅಂದೆ. ತಿಂಗಳಿಗೆ 1,65,000 ಅಂದ್ರೆ ವರ್ಷಕ್ಕೆ 19,80,000, ಜಿಎಸ್‌ಟಿ ರಿಜಿಸ್ಟ್ರೇಷನ್ ಗೆರೆ 20 ಲಕ್ಷದಲ್ಲಿದೆ, ರೇಟ್ ಏರಿಸಿದ್ರೆ ದಾಟೋದು ಗ್ಯಾರಂಟಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಸೇವೆಗೆ ನೂರಕ್ಕೆ 5 ಆಗಿದೆ, ಮುಂಚೆ 18 ಇತ್ತು, ಆದ್ರೆ ಇನ್‌ಪುಟ್ ಕ್ರೆಡಿಟ್ ಹೋಯ್ತು, ಅಂದ್ರೆ ನಾವು ಖರ್ಚಿನ ಮೇಲೆ ಕಟ್ಟಿದ ಜಿಎಸ್‌ಟಿನ ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳ್ಕೊಳ್ಳೋ ಹಾಗಿಲ್ಲ. ಮತ್ತೆ 2024ರ ಅಕ್ಟೋಬರ್ 10ರಿಂದ, ಓನರ್ ಜಿಎಸ್‌ಟಿ ಇಲ್ಲದೋರು, ಅಂಗಡಿಯೋರು ಇರೋರು ಆದ್ರೆ ಬಾಡಿಗೆ ಮೇಲಿನ 18 ಪರ್ಸೆಂಟ್ ಅಂಗಡಿಯೋರೇ ಸರ್ಕಾರಕ್ಕೆ ಕಟ್ಟಬೇಕು. 34,000ಕ್ಕೆ ತಿಂಗಳಿಗೆ 6,120, ಅದು ವಾಪಸ್ ಬರಲ್ಲ. ಅಂದ್ರೆ ಓನರ್ ಹತ್ರ ಉಳಿಸಿದ 8,000ದಲ್ಲಿ ಮುಕ್ಕಾಲು ಭಾಗ ಅಲ್ಲಿಗೇ. ಕಾಂಪೊಸಿಷನ್ ಅಂತ ಸಣ್ಣ ವ್ಯಾಪಾರದೋರಿಗೆ ಇರೋ ಸರಳ ಜಿಎಸ್‌ಟಿ ಸ್ಕೀಮ್ ತಗೊಂಡ್ರೆ ಬಾಡಿಗೆ ಮೇಲಿಂದು ತಪ್ಪುತ್ತೆ, ಆದ್ರೆ ಇಡೀ ಬಿಸಿನೆಸ್ ಮೇಲೆ ನೂರಕ್ಕೆ 6 ಕೈಯಿಂದ ಕಟ್ಟಬೇಕು. ಯಾವುದು ಕಮ್ಮಿ ಬೀಳುತ್ತೆ ಅಂತ ನೋಡೋಕೆ ದಿನದ ಕಲೆಕ್ಷನ್ ಪುಸ್ತಕ ತಗೊಂಡು ಮುಂದಿನ ಮಂಗಳವಾರ ಬರ್ತಿದಾರೆ.