ಕರಗಿದ ಕಲ್ಲು ಒಂದು ಕಡೆ ಹರಿಯುತ್ತದೆ, ಇನ್ನೊಂದು ಕಡೆ ಸಿಡಿಯುತ್ತದೆ, ಯಾಕೆ?

ಪ್ರಶ್ನೆ: ಹವಾಯಿಯಲ್ಲಿ ಲಾವಾ ನಿಧಾನವಾಗಿ ಹರಿಯುತ್ತಿರುವಾಗ ಜನ ಸ್ವಲ್ಪ ದೂರ ನಿಂತು ನೋಡುತ್ತಾರೆ. ಬೇರೆ ಕೆಲವು ಜ್ವಾಲಾಮುಖಿಗಳು ಬಾಂಬಿನಂತೆ ಸಿಡಿಯುತ್ತವೆ. ಒಳಗಿರುವುದು ಎರಡೂ ಕಡೆ ಕರಗಿದ ಕಲ್ಲೇ ತಾನೆ? ಹಾಗಾದರೆ ಈ ವ್ಯತ್ಯಾಸ ಯಾಕೆ? ನಮ್ಮ ಮಧುಗಿರಿ ಬೆಟ್ಟವೂ ಹಿಂದೆ ಜ್ವಾಲಾಮುಖಿಯಾಗಿತ್ತೇ?
– ಮಧುಗಿರಿಯ ಓದುಗರೊಬ್ಬರು

ಉತ್ತರ: ಮುದ್ದೆಗೆ ಎಸರಿಟ್ಟವರಿಗೆ ಇದರ ಅರ್ಧ ಉತ್ತರ ಗೊತ್ತೇ ಇರುತ್ತದೆ. ಬರೀ ನೀರು ಕೊತಕೊತ ಕುದಿಯುವಾಗ ಗುಳ್ಳೆಗಳು ಮೇಲೆ ಬಂದು ಒಡೆದು ಹೋಗುತ್ತವೆ, ಯಾರ ಕೈಯನ್ನೂ ಸುಡುವುದಿಲ್ಲ. ರಾಗಿಹಿಟ್ಟು ಬಿದ್ದು ಎಸರು ಗಟ್ಟಿಯಾಗುತ್ತಾ ಬಂದಂತೆ ಸದ್ದೇ ಬೇರೆಯಾಗುತ್ತದೆ. ಗುಳ್ಳೆ ತಳದಲ್ಲೇ ಸಿಕ್ಕಿಕೊಂಡು, ಉಬ್ಬಿ, ಕೊನೆಗೆ ತೊಪಕ್ಕನೆ ಒಡೆದು ಬಿಸಿ ಹಿಟ್ಟನ್ನು ಮೊಣಕೈವರೆಗೂ ಎರಚುತ್ತದೆ. ಒಲೆಯೂ ಅದೇ, ಆವಿಯೂ ಅದೇ. ಬದಲಾದದ್ದು ಆವಿ ಹೊರಬರುವ ದಾರಿ ಎಷ್ಟು ಸಲೀಸು ಎಂಬುದು ಮಾತ್ರ.

ಭೂಮಿಯೊಳಗಿನ ಕರಗಿದ ಕಲ್ಲಿಗೆ ಶಿಲಾಪಾಕ ಎನ್ನುತ್ತಾರೆ. ಅದರಲ್ಲಿ ಹಿಟ್ಟಿನ ಕೆಲಸ ಮಾಡುವುದು ಸಿಲಿಕಾ, ಅಂದರೆ ಸಿಲಿಕಾನ್ ಮತ್ತು ಆಮ್ಲಜನಕ ಸೇರಿದ ಪದಾರ್ಥ. ಒಂದೊಂದು ಸಿಲಿಕಾನ್ ಪರಮಾಣು ನಾಲ್ಕು ಆಮ್ಲಜನಕ ಪರಮಾಣುಗಳನ್ನು ಹಿಡಿದುಕೊಂಡಿರುತ್ತದೆ. ಪಕ್ಕದ ಸಿಲಿಕಾನ್ ಕೂಡ ಅವುಗಳಲ್ಲಿ ಒಂದನ್ನು ಹಿಡಿದರೆ ಎರಡೂ ಕೊಂಡಿಯಾಗುತ್ತವೆ. ಸಿಲಿಕಾ ಹೆಚ್ಚಿದಷ್ಟೂ ಕೊಂಡಿಗಳು ಉದ್ದವಾಗಿ, ಕವಲೊಡೆದು, ಕೊನೆಗೆ ಬಲೆಯಾಗಿ ಹೆಣೆದುಕೊಳ್ಳುತ್ತವೆ. ಕಬ್ಬಿಣ ಮತ್ತು ಮೆಗ್ನೀಸಿಯಂ ಹೆಚ್ಚಿದ್ದರೆ ಈ ಬಲೆ ಅಲ್ಲಲ್ಲಿ ಕಡಿದುಹೋಗುತ್ತದೆ. ಹವಾಯಿಯ ಕಿಲವೆಯಾ ಜ್ವಾಲಾಮುಖಿ ಉಗುಳುವ ಬಸಾಲ್ಟ್ ಎಂಬ ಶಿಲಾಪಾಕದಲ್ಲಿ ಸಿಲಿಕಾ ಸುಮಾರು 50%, ಬಿಸಿ 1,150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದು ನೀರಿಗಿಂತ ಎಷ್ಟೋ ಪಟ್ಟು ಮಂದ, ಆದರೂ ಜೇನುತುಪ್ಪದ ಹಾಗೆ ಹರಿಯಬಲ್ಲದು. ಸಿಲಿಕಾ 70% ದಾಟಿದ, 800 ಡಿಗ್ರಿಯ ಹತ್ತಿರದ ರಯೋಲೈಟ್ ಎಂಬ ಶಿಲಾಪಾಕ ಅದಕ್ಕಿಂತ ಲಕ್ಷಾಂತರ ಪಟ್ಟು ಗಟ್ಟಿ. ಸಿಲಿಕಾ ಏರಿದ್ದು ಇಪ್ಪತ್ತು ಚಿಲ್ಲರೆ ಅಂಶ, ಅಂಟು ಏರಿದ್ದು ಲಕ್ಷದ ಲೆಕ್ಕದಲ್ಲಿ.

ಆದರೆ ಅಂಟು ತಾನಾಗಿ ಏನನ್ನೂ ಸಿಡಿಸುವುದಿಲ್ಲ. ಗಟ್ಟಿ ಮುದ್ದೆ ತಟ್ಟೆಯಲ್ಲಿ ಸುಮ್ಮನೆ ಕೂತಿರುತ್ತದಲ್ಲ, ಹಾಗೆ. ಸಿಡಿಸುವುದು ಅನಿಲ. ಅದರಲ್ಲೂ ಹೆಚ್ಚಿನ ಪಾಲು ನೀರಿನ ಆವಿ, ಜೊತೆಗೆ ಇಂಗಾಲದ ಡೈಆಕ್ಸೈಡ್ ಮತ್ತು ಗಂಧಕದ ಡೈಆಕ್ಸೈಡ್. ಕೆಲವು ಕಿಲೋಮೀಟರ್ ಆಳದಲ್ಲಿ, ಮೇಲಿನ ಬಂಡೆಯ ಭಾರದಡಿ, ಈ ನೀರು ಶಿಲಾಪಾಕದಲ್ಲಿ ಕರಗಿರುತ್ತದೆ. ಅಲ್ಲಿ ಗುಳ್ಳೆಯೇ ಇರುವುದಿಲ್ಲ. ಎಸರಿನ ಹೋಲಿಕೆ ಇಲ್ಲಿಗೆ ಮುಗಿಯಿತು, ಇನ್ನು ಗೋಲಿಸೋಡಾ ಬೇಕು. ಗೋಲಿ ಬಾಯಿ ಮುಚ್ಚಿರುವಾಗ ಸೋಡಾ ತಿಳಿಯಾಗಿ ನಿಂತಿರುತ್ತದೆ. ಗೋಲಿ ಒತ್ತಿದ ಕ್ಷಣ ಒತ್ತಡ ಇಳಿದು ಇಡೀ ಸೀಸೆಯಲ್ಲಿ ಗುಳ್ಳೆ ಏಳುತ್ತದೆ. ಶಿಲಾಪಾಕ ಮೇಲೇರುತ್ತಾ ಬಂದಾಗ ಆಗುವುದೂ ಇದೇ. ಅದನ್ನು ಯಾರೂ ಹೊಸದಾಗಿ ಕಾಯಿಸುವುದಿಲ್ಲ, ಮೇಲಿನ ಭಾರ ಕಡಿಮೆಯಾಗುತ್ತದೆ, ಅಷ್ಟೆ.

ಈ ಗುಳ್ಳೆ ಎಷ್ಟು ಜಾಗ ಕೇಳುತ್ತದೆಂದು ಒಂದು ಲೆಕ್ಕ ಹಾಕೋಣ. ಒಂದು ಘನ ಮೀಟರ್ ಅಂಟು ಶಿಲಾಪಾಕದ ತೂಕ ಸುಮಾರು 2,400 ಕೆಜಿ. ಅದರಲ್ಲಿ ತೂಕದ 4% ನೀರಿದ್ದರೆ 96 ಕೆಜಿಯಾಯಿತು. ಅಷ್ಟೂ ನೀರು 900 ಡಿಗ್ರಿಯಲ್ಲಿ, ನೆಲಮಟ್ಟದ ಗಾಳಿಯ ಒತ್ತಡದಲ್ಲಿ ಆವಿಯಾದರೆ 500 ಘನ ಮೀಟರ್‌ಗೂ ಹೆಚ್ಚು ಜಾಗ ಬೇಕು. ಒಂದು ಡ್ರಮ್ಮಿನಲ್ಲಿದ್ದದ್ದಕ್ಕೆ ಇದ್ದಕ್ಕಿದ್ದಂತೆ ಐನೂರು ಡ್ರಮ್ಮು ಬೇಕಾದ ಹಾಗೆ. ಇನ್ನು ಕಿಲವೆಯಾದಂಥ ಬಸಾಲ್ಟ್‌ಗೆ ಬನ್ನಿ. ಅದರಲ್ಲಿ ನೀರು ಅರ್ಧ ಪರ್ಸೆಂಟ್ ಎಂದುಕೊಂಡರೂ ಒಂದು ಘನ ಮೀಟರಿಗೆ 80ಕ್ಕೂ ಹೆಚ್ಚು ಘನ ಮೀಟರ್ ಆವಿ ಏಳುತ್ತದೆ. ಇದೇನೂ ಕಡಿಮೆ ಅಲ್ಲ. ‘ಶಾಂತ’ ಎನಿಸಿಕೊಂಡ ಜ್ವಾಲಾಮುಖಿಯಲ್ಲೂ ಸಿಡಿಯಲು ಸಾಕಷ್ಟು ಅನಿಲ ಇದ್ದೇ ಇರುತ್ತದೆ. ತೆಳು ಶಿಲಾಪಾಕದಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ, ದ್ರವಕ್ಕಿಂತ ಬೇಗ ಮೇಲೇರಿ, ಬಾಯಿಯಿಂದ ಹೊರಬಿದ್ದು ಹೋಗುತ್ತವೆ. ಹೆಚ್ಚೆಂದರೆ ಲಾವಾ ಕಾರಂಜಿಯಂತೆ ಚಿಮ್ಮುತ್ತದೆ. 2018ರಲ್ಲಿ ಕಿಲವೆಯಾದ ಬಿರುಕುಗಳಿಂದ ಹರಿದ ಲಾವಾ 700ಕ್ಕೂ ಹೆಚ್ಚು ಮನೆಗಳನ್ನು ನುಂಗಿತು, ಆದರೆ ಜನರಿಗೆ ಮನೆ ಬಿಟ್ಟು ಹೋಗಲು ಸಮಯ ಸಿಕ್ಕಿತು.

ಅಂಟು ಶಿಲಾಪಾಕದಲ್ಲಿ ಗುಳ್ಳೆಗಳಿಗೆ ಈ ದಾರಿ ಇಲ್ಲ. ಅವು ಹುಟ್ಟಿದಲ್ಲೇ ಉಬ್ಬುತ್ತವೆ, ಇಡೀ ಶಿಲಾಪಾಕ ನೊರೆಯಾಗುತ್ತದೆ. ನೊರೆಯ ಗಾತ್ರದಲ್ಲಿ ಮುಕ್ಕಾಲು ಪಾಲು ಗುಳ್ಳೆಯೇ ಆದಾಗ ಗುಳ್ಳೆಗಳ ಗೋಡೆಗಳು ತಡೆಯಲಾರದೆ ಒಡೆಯುತ್ತವೆ. ಆ ಕ್ಷಣದವರೆಗೆ ‘ಗುಳ್ಳೆಗಳಿರುವ ದ್ರವ’ ಆಗಿದ್ದದ್ದು ಅಲ್ಲಿಂದ ಮುಂದೆ ‘ಚೂರುಗಳಿರುವ ಅನಿಲ’. ನಾವು ಜ್ವಾಲಾಮುಖಿಯ ಬೂದಿ ಎನ್ನುವುದು ಏನೂ ಸುಟ್ಟು ಉಳಿದದ್ದಲ್ಲ, ಒಡೆದ ಗುಳ್ಳೆಗೋಡೆಗಳ ಗಾಜಿನ ಚೂರು. ಅದಕ್ಕೇ ಅದು ಉಸಿರಿನ ಜೊತೆ ಒಳಹೋದರೆ ಕೆಡುಕು. ಒಡೆಯದೆ ಉಳಿದ ನೊರೆ ತಣಿದರೆ ಪ್ಯುಮಿಸ್ ಕಲ್ಲು. ಹಿಮ್ಮಡಿ ಉಜ್ಜಲು ಮಾರುವ ಹಗುರ ಕಲ್ಲುಗಳಲ್ಲಿ ಅಸಲಿ ಪ್ಯುಮಿಸ್ ನಿಮ್ಮ ಕೈಗೆ ಸಿಕ್ಕಿದರೆ ನೀರಿಗೆ ಹಾಕಿ ನೋಡಿ, ತೇಲುತ್ತದೆ. ಅದರ ತೂತುಗಳೆಲ್ಲ ಒಂದು ಕಾಲಕ್ಕೆ ಆವಿ ತುಂಬಿದ್ದ ಗುಳ್ಳೆಗಳು.

ಇಷ್ಟಕ್ಕೇ ನಿಲ್ಲಿಸಿದರೆ ‘ಸಿಲಿಕಾ ಹೆಚ್ಚಿದ್ದರೆ ಸ್ಫೋಟ’ ಎಂಬ ಅರೆಬರೆ ಸೂತ್ರ ಉಳಿದುಬಿಡುತ್ತದೆ. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಅಲ್ಲಿಗೇ ಕೈಬಿಡುತ್ತವೆ. ಅದು ಎಲ್ಲಿ ಸಾಲದೆಂದು ತಿಳಿಯಲು ಅಮೆರಿಕದ ವಾಷಿಂಗ್ಟನ್ ರಾಜ್ಯದ ಮೌಂಟ್ ಸೇಂಟ್ ಹೆಲೆನ್ಸ್ ನೋಡಬೇಕು.

1980ರ ಮಾರ್ಚ್‌ನಲ್ಲಿ ಅಲ್ಲಿ ನೆಲ ನಡುಗಲು ಶುರುವಾಯಿತು. ಸುಮಾರು 64% ಸಿಲಿಕಾ ಇರುವ ಡೇಸೈಟ್ ಎಂಬ ಅಂಟು ಶಿಲಾಪಾಕ ಬೆಟ್ಟದ ಹೊಟ್ಟೆಯೊಳಗೆ ನುಗ್ಗುತ್ತಿತ್ತು. ಅದಕ್ಕೆ ಹೊರಬರಲು ಆಗಲಿಲ್ಲ, ಬೆಟ್ಟದ ಉತ್ತರ ಮಗ್ಗುಲು ಊದಿಕೊಂಡಿತು, ದಿನಕ್ಕೆ ಸುಮಾರು ಒಂದೂವರೆ ಮೀಟರ್‌ನಂತೆ. ಮೇ 18ರ ಬೆಳಗ್ಗೆ 8:32ಕ್ಕೆ 5.1 ಪ್ರಮಾಣದ ಕಂಪನವಾಗಿ ಊದಿದ ಮಗ್ಗುಲು ಪೂರ್ತಿ ಜಾರಿಹೋಯಿತು. ಗೋಲಿಸೋಡಾದ ಗೋಲಿ ಅಲ್ಲ, ಸೀಸೆಯ ಪಕ್ಕವೇ ಕಿತ್ತುಹೋದಂತೆ. ಒತ್ತಡ ಕ್ಷಣದಲ್ಲಿ ಇಳಿದು ಒಳಗಿದ್ದದ್ದು ಅಡ್ಡಡ್ಡಲಾಗಿ ಸಿಡಿಯಿತು. ಸುಮಾರು 600 ಚದರ ಕಿಲೋಮೀಟರ್ ಪ್ರದೇಶ ಹಾಳಾಯಿತು, ಕಾಡಿನ ಮರಗಳು ಕಡ್ಡಿಗಳಂತೆ ಮಲಗಿದವು. ಆಮೇಲೆ ಬೂದಿಯ ಕಂಬ 24 ಕಿಲೋಮೀಟರ್ ಎತ್ತರಕ್ಕೆ ಎದ್ದು ಗಂಟೆಗಟ್ಟಲೆ ನಡೆಯಿತು. 57 ಜನ ಸತ್ತರು, ಬೆಟ್ಟ 400 ಮೀಟರ್ ಗಿಡ್ಡವಾಯಿತು.

ಇನ್ನು ಅದೇ ಬೆಟ್ಟದ 2004ನೇ ಇಸವಿಗೆ ಬನ್ನಿ. ಮತ್ತೆ ಡೇಸೈಟ್, ಸಿಲಿಕಾ ಹೆಚ್ಚುಕಡಿಮೆ ಅಷ್ಟೇ. ಸೂತ್ರ ನಂಬಿದವರು ಮತ್ತೊಂದು ಮಹಾಸ್ಫೋಟ ಕಾಯಬೇಕಿತ್ತು. ಶುರುವಿನಲ್ಲಿ ಒಂದಿಷ್ಟು ಸಣ್ಣ ಸಿಡಿತಗಳಾದವು, ಆಮೇಲೆ 2008ರವರೆಗೆ ಬಾಯಿಯೊಳಗೆ ಗಟ್ಟಿ ಕಲ್ಲು ಶ್ಯಾವಿಗೆ ಒರಳಿನಿಂದ ಒತ್ತಿದ ಹಾಗೆ ನಿಧಾನವಾಗಿ ಮೇಲೆದ್ದು ಗುಮ್ಮಟವಾಯಿತು. ಈ ಬಾರಿ ಶಿಲಾಪಾಕ ತುಂಬಾ ನಿಧಾನವಾಗಿ ಏರಿತ್ತು. ದಾರಿಯಲ್ಲೇ ಗುಳ್ಳೆಗಳು ಒಂದಕ್ಕೊಂದು ತಗುಲಿ ಸಣ್ಣ ಕೊಳವೆಗಳಾದವು, ಬಿರುಕುಗಳ ಮೂಲಕ ಆವಿ ಸೋರಿತು. ಮೇಲೆ ಬರುವಷ್ಟರಲ್ಲಿ ಸೋಡಾ ಹಳಸಿತ್ತು. ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು: ಎಷ್ಟು ಅನಿಲ ಇತ್ತು, ಮತ್ತು ಶಿಲಾಪಾಕ ಮೇಲೇರುವ ವೇಗಕ್ಕಿಂತ ಅನಿಲ ಸೋರುವ ವೇಗ ಹೆಚ್ಚೋ ಕಡಿಮೆಯೋ? ಸಿಲಿಕಾ ಈ ಎರಡನೆಯದನ್ನು ತುಂಬಾ ಕಷ್ಟ ಮಾಡುತ್ತದೆ, ಅಸಾಧ್ಯವಾಗಿಸುವುದಿಲ್ಲ.

ಇದರಲ್ಲೊಂದು ತಿರುವಿದೆ. ಕರಗಿದ ನೀರು ಸಿಲಿಕಾ ಬಲೆಯ ಕೊಂಡಿಗಳನ್ನು ಕಡಿಯುತ್ತದೆ, ಅಂದರೆ ಶಿಲಾಪಾಕವನ್ನು ತೆಳುವಾಗಿಸುತ್ತದೆ. ನೀರು ಹೊರಟುಹೋದಂತೆ ಅದು ಇನ್ನೂ ಗಟ್ಟಿಯಾಗುತ್ತದೆ, ಹರಳುಗಳು ಬೆಳೆದು ಮತ್ತೂ ಬಿಗಿಯುತ್ತದೆ. ಹೀಗೆ ಬಾಯಿಯ ಹತ್ತಿರ ಬಿರಡೆ ಕೂತರೆ, ಕೆಳಗಿನಿಂದ ಬರುವ ಹೊಸ ಅನಿಲಕ್ಕೆ ದಾರಿ ಮುಚ್ಚುತ್ತದೆ. ಫಿಲಿಪ್ಪೀನ್ಸಿನ ಪಿನಾಟುಬೊದಲ್ಲಿ 1991ರ ಮೇ 13ರಂದು ಗಂಧಕದ ಡೈಆಕ್ಸೈಡ್ ದಿನಕ್ಕೆ ಸುಮಾರು 500 ಟನ್ ಹೊರಬರುತ್ತಿತ್ತು. ಮೇ 28ಕ್ಕೆ ಅದು ಹತ್ತು ಪಟ್ಟಾಯಿತು. ಜೂನ್ ಮೊದಲ ವಾರದಲ್ಲಿ ಮಾಪನ ದಿಢೀರನೆ ಕುಸಿಯಿತು. ನೋಡುವವರಿಗೆ ಸಮಾಧಾನದ ಸುದ್ದಿ, ಅಲ್ಲಿದ್ದ ವಿಜ್ಞಾನಿಗಳಿಗೆ ಅಲ್ಲ: ಒಳಗೆ ಕಂಪನ ನಿಂತಿರಲಿಲ್ಲ, ಹಾಗಾಗಿ ಅನಿಲ ಮುಗಿದಿಲ್ಲ, ದಾರಿ ಕಟ್ಟಿದೆ ಎಂದು ಅವರು ಅರ್ಥಮಾಡಿಕೊಂಡರು. ಸಾವಿರಾರು ಜನರನ್ನು ಊರು ಬಿಡಿಸಲಾಯಿತು. ಜೂನ್ 15ರಂದು ಬೆಟ್ಟ ಸಿಡಿಯಿತು. ಅನಿಲ ಇಳಿದರೆ ಒಳ್ಳೆಯದೋ ಕೆಟ್ಟದ್ದೋ ಎಂಬುದು ಕಂಪನ ಮತ್ತು ನೆಲದ ಉಬ್ಬಿನ ಜೊತೆಗಿಟ್ಟು ಓದಿದಾಗ ಮಾತ್ರ ತಿಳಿಯುತ್ತದೆ.

ತೆಳು ಬಸಾಲ್ಟನ್ನೂ ಪೂರ್ತಿ ನಂಬುವಂತಿಲ್ಲ. ಹೊರಗಿನ ನೀರು ಅದಕ್ಕೆ ತಗುಲಿದರೆ ಆವಿ ತಾನೇ ಸಿಡಿಸುತ್ತದೆ. ಶಾಂತ ಕಿಲವೆಯಾ 1924ರಲ್ಲಿ ಹೀಗೇ ಟನ್‌ಗಟ್ಟಲೆ ತೂಕದ ಬಂಡೆಗಳನ್ನು ಎಸೆದಿತ್ತು. ಆದರೆ ನೀರು ತುಂಬಾ ಆಳವಿದ್ದರೆ ಅದರ ಭಾರವೇ ಆವಿ ಉಬ್ಬದಂತೆ ಅದುಮಿಡುತ್ತದೆ. ಆಗ ಲಾವಾ ಮೇಲೆ ಸಿಪ್ಪೆ ಕಟ್ಟಿ, ಸಿಪ್ಪೆ ಸೀಳಿ, ದಿಂಬಿನಾಕಾರದ ಮುದ್ದೆಗಳಾಗಿ ಒಂದರ ಪಕ್ಕ ಒಂದು ಕೂರುತ್ತದೆ. ಇದನ್ನು ನೋಡಲು ಹವಾಯಿಗೆ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯಲ್ಲಿ ಕೆಜಿಎಫ್ ಹತ್ತಿರದ ಪೆದ್ದಪಲ್ಲಿಯಲ್ಲಿ ಇಂಥ ದಿಂಬು ಲಾವಾವೂ, ಸಿಡಿದ ಚೂರುಗಳು ಗಟ್ಟಿಯಾದ ಶಿಲೆಯೂ ಇವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಆ ಜಾಗವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳ ಪಟ್ಟಿಗೆ ಸೇರಿಸಿದೆ. ಚಿನ್ನದ ಗಣಿ ತೋಡಿದ ಕಪ್ಪು ಕಲ್ಲು ಕೂಡ ಸುಮಾರು 270 ಕೋಟಿ ವರ್ಷ ಹಿಂದಿನ ಬಸಾಲ್ಟ್ ಲಾವಾವೇ, ಬಿಸಿ ಮತ್ತು ಒತ್ತಡದಲ್ಲಿ ರೂಪ ಬದಲಿಸಿದ್ದು.

ಮಧುಗಿರಿಗೆ ಬಂದರೆ, ನಿಮ್ಮ ಬೆಟ್ಟ ಜ್ವಾಲಾಮುಖಿಯಲ್ಲ. ಅದು ಗ್ರಾನೈಟ್, ಸಿಲಿಕಾ 70%ರ ಆಸುಪಾಸು, ಅಂದರೆ ಮೇಲೆ ಬಂದಿದ್ದರೆ ಸಿಡಿಯುವ ಜಾತಿಯ ಶಿಲಾಪಾಕವೇ. ಆದರೆ ಅದು ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲೇ ನಿಂತು, ನಿಧಾನವಾಗಿ ತಣಿಯಿತು. ಪುರಾವೆ ಕಲ್ಲಿನಲ್ಲೇ ಇದೆ: ಗುಲಾಬಿ ಮತ್ತು ಬಿಳಿ ಹರಳುಗಳು ಕಣ್ಣಿಗೆ ಕಾಣುವಷ್ಟು ದಪ್ಪ. ಸಿಡಿದು ತಣಿದ ಕಲ್ಲಿಗೆ ಅಷ್ಟು ದೊಡ್ಡ ಹರಳು ಬೆಳೆಸಲು ಪುರುಸೊತ್ತೇ ಇರುವುದಿಲ್ಲ. ಹಾಗಾದರೆ ಅದರೊಳಗಿನ ನೀರು ಎಲ್ಲಿಗೆ ಹೋಯಿತು? ಹರಳುಗಳು ಮೊದಲು ಗಟ್ಟಿಯಾದಂತೆ ನೀರು ಉಳಿದ ಕೊನೆಯ ದ್ರವದಲ್ಲಿ ಸೇರಿಕೊಂಡು, ಬಿರುಕುಗಳಿಗೆ ನುಗ್ಗಿ, ಅಲ್ಲಿ ಇನ್ನೂ ದೊಡ್ಡ ಹರಳುಗಳನ್ನು ಬೆಳೆಸಿತು. ಇಂಥ ಗ್ರಾನೈಟ್ ಬೆಟ್ಟ ಹತ್ತುವಾಗ ಬಂಡೆಯ ಮೇಲೆ ಗೇಣಗಲದ ಪಟ್ಟಿಯಲ್ಲಿ ಬೆರಳುದ್ದದ ಹರಳುಗಳು ಸಾಲಾಗಿ ಕಂಡರೆ, ಸ್ಫೋಟವಾಗದೆ ಉಳಿದ ಆವಿಯ ಜಾಡು ಅದು.